ನೆಲ ಮುಟ್ಟಿದ ಬಿಂದು

ವಿದ್ಯುತ್ ತಂತಿಗಳನ್ನು ನೆಲದಡಿಗೆ ಇಳಿಸುವ ಕೆಲಸ ನಡೆಯುವ ಬೀದಿಗಳಲ್ಲಿ ದೊಡ್ಡ ಮರದ ಡ್ರಮ್ಮುಗಳು ನಿಂತಿರುವುದನ್ನು ನೀವು ನೋಡಿರುತ್ತೀರಿ. ರಾಜಾಜಿನಗರದ ಅಡ್ಡರಸ್ತೆಗಳಲ್ಲಿ, ಬಸವೇಶ್ವರನಗರದ ಪಾರ್ಕುಗಳ ಪಕ್ಕದಲ್ಲಿ ನಾನು ಎಷ್ಟೋ ಸಲ ಅವುಗಳನ್ನು ಬಳಸಿಕೊಂಡು ಹೋಗಿದ್ದೇನೆ. ಎರಡೂ ಬದಿಗೆ ಹಲಗೆ ಜೋಡಿಸಿದ ಎರಡು ಚಕ್ರ, ನಡುವೆ ಅದಕ್ಕಿಂತ ಸಣ್ಣದೊಂದು ಉರುಳೆ, ಉರುಳೆಯ ಮೇಲೆ ಸುತ್ತಿದ ಕಪ್ಪು ಕೇಬಲ್. ತಾನಾಗಿ ಉರುಳದಿರಲಿ ಎಂದು ಚಕ್ರದ ಬುಡಕ್ಕೆ ಒಂದು ಕಲ್ಲೋ ಮರದ ತುಂಡೋ ಅಡ್ಡ ಇರುತ್ತದೆ. ಚಕ್ರದ ಮೇಲೆ ಬಾಣದ ಗುರುತೂ ಇರುತ್ತದೆ. ಉರುಳಿಸುವುದಾದರೆ ಈ ದಿಕ್ಕಿಗೇ ಉರುಳಿಸಿ, ಇಲ್ಲದಿದ್ದರೆ ಸುತ್ತು ಸಡಿಲವಾಗುತ್ತದೆ ಎಂದು ಅದರ ಅರ್ಥ.

ಈಗ ಒಂದು ಪ್ರಶ್ನೆ. ಡ್ರಮ್ಮಿನಲ್ಲಿ ಕೆಲವೇ ಸುತ್ತು ಕೇಬಲ್ ಉಳಿದಿದೆ. ಕೇಬಲ್ಲಿನ ತುದಿ ಉರುಳೆಯ ಕೆಳಭಾಗದಿಂದ ಹೊರಟು ನಿಮ್ಮ ಕಡೆಗೆ ಬಂದಿದೆ. ಅಡ್ಡ ಇಟ್ಟ ಕಲ್ಲು ತೆಗೆದಿದ್ದಾರೆ. ನೀವು ಡ್ರಮ್ಮಿನ ಎದುರು ನಿಂತು, ತುದಿಯನ್ನು ನೆಲಕ್ಕೆ ಸಮಾನಾಂತರವಾಗಿ ಎಳೆಯುತ್ತೀರಿ. ಡ್ರಮ್ಮು ಯಾವ ಕಡೆಗೆ ಉರುಳುತ್ತದೆ?

ಕೇಳಿದವರಲ್ಲಿ ಹೆಚ್ಚಿನವರು, ಕೇಬಲ್ ಬಿಚ್ಚಿಕೊಳ್ಳುತ್ತದೆ, ಡ್ರಮ್ಮು ಹಿಂದಕ್ಕೆ ಉರುಳುತ್ತದೆ ಎನ್ನುತ್ತಾರೆ. ದಾರ ಎಳೆದರೆ ಉಂಡೆ ಬಿಚ್ಚಿಕೊಳ್ಳುವುದು ನಮಗೆ ರೂಢಿ. ಆದರೆ ಒಮ್ಮೆ ಇಂಥ ಡ್ರಮ್ಮಿನ ಎದುರು ಕುತೂಹಲಕ್ಕೆ ನಿಂತಿದ್ದ ನನಗೆ ಕೇಬಲ್ ಎಳೆಯುವ ತಂಡದ ಹಿರಿಯರೊಬ್ಬರು, ಉತ್ತರ ಕರ್ನಾಟಕದವರು, "ಅಕ್ಕಾರ, ಆ ಕಡೆ ನಿಂದ್ರ್ರಿ. ತಳದಿಂದ ಎಳದ್ರ ಮೈಮ್ಯಾಲೆ ಬರ್ತದ ಅದು" ಎಂದರು. ಅವರು ಹೇಳಿದ್ದೇ ಸರಿ. ಡ್ರಮ್ಮು ಎಳೆದವರ ಕಡೆಗೇ ಉರುಳುತ್ತದೆ, ಬರುಬರುತ್ತ ಕೇಬಲ್ಲನ್ನು ತನ್ನ ಹೊಟ್ಟೆಗೇ ಸುತ್ತಿಕೊಳ್ಳುತ್ತದೆ. ಉರುಳೆಯ ತ್ರಿಜ್ಯ ಚಕ್ರದ ತ್ರಿಜ್ಯದ ಅರ್ಧವಿದ್ದರೆ, ನಿಮ್ಮ ಕೈ ಒಂದು ಅಡಿ ಹಿಂದೆ ಸರಿಯುವಷ್ಟರಲ್ಲಿ ಡ್ರಮ್ಮು ಎರಡು ಅಡಿ ಮುಂದೆ ಬಂದಿರುತ್ತದೆ. ಹಿಂದೆ ಹಿಂದೆ ನಡೆಯುತ್ತ ಎಳೆಯುವವನನ್ನು ಅದು ಹಿಡಿದೇ ಹಿಡಿಯುತ್ತದೆ.

ಮನೆಯಲ್ಲಿ ನೋಡಬೇಕೆಂದರೆ ಹೊಲಿಗೆ ದಾರದ ರೀಲು ಸಾಕು. ಮೇಜಿನ ಮೇಲಿಟ್ಟು ತಳದಿಂದ ಬಂದ ದಾರವನ್ನು ಮೆಲ್ಲಗೆ, ಮೇಜಿಗೆ ತಾಗಿಸಿದಂತೆ ಎಳೆಯಿರಿ. ರೀಲು ನಿಮ್ಮತ್ತ ಬರುತ್ತದೆ.

ನಾನು ಜ್ಞಾನಭಾರತಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ವಿಷಯ ತೆಳುಪದರಗಳದ್ದು, ಉರುಳುವ ಡ್ರಮ್ಮುಗಳದ್ದಲ್ಲ. ಕೈಖರ್ಚಿಗೆಂದು ಸಂಜೆ ವಿಜಯನಗರದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮೊದಲ ಪಿಯುಸಿಯ ಪಠ್ಯದಲ್ಲಿ ಆವರ್ತನ ಚಲನೆಯ ಅಧ್ಯಾಯ ಬರುತ್ತದೆ, ಸಿಇಟಿಗೆ ಓದುವವರು ಅದನ್ನು ಮತ್ತೆ ಮತ್ತೆ ಅರೆಯುತ್ತಾರೆ. ಅವರಲ್ಲೊಬ್ಬಳು ಒಂದು ದಿನ ನೋಟ್‌ಬುಕ್ಕು ತಂದು ನನ್ನ ಮುಂದಿಟ್ಟಳು. ಇದೇ ಲೆಕ್ಕ. ಅವಳು ಹೋಗುವ ಕೋಚಿಂಗಿನಲ್ಲಿ ಎರಡು ಸಾಲಿನಲ್ಲಿ ಮುಗಿಸಿದ್ದರಂತೆ. "ನೆಲಕ್ಕೆ ತಾಗಿರೋ ಬಿಂದು ನಿಂತಿರತ್ತೆ, ಅದನ್ನೇ ಅಕ್ಷ ಅಂತ ತಗೋ ಅಂದ್ರು ಅಕ್ಕ. ಆ ಬಿಂದು ಮುಂದಿನ ಕ್ಷಣಕ್ಕೆ ಮೇಲೆ ಹೋಗ್ಬಿಡತ್ತಲ್ಲ, ಹಾಗಿದ್ರೆ ಅಕ್ಷ ಹೇಗಾಗತ್ತೆ ಅಂತ ಕೇಳಿದ್ದಕ್ಕೆ, ಉತ್ತರ ಬರತ್ತೋ ಇಲ್ವೋ ಅಷ್ಟು ನೋಡು ಅಂದ್ರು."

ಉತ್ತರ ಬರುತ್ತದೆ ಎಂಬುದು ನಿಜ. ಅದನ್ನು ಮೊದಲು ನೋಡೋಣ.

ಲೆಕ್ಕಕ್ಕೆ ಹಗುರವಾದ ಅಳತೆಗಳನ್ನು ಇಟ್ಟುಕೊಳ್ಳುತ್ತೇನೆ. ಡ್ರಮ್ಮಿನ ದ್ರವ್ಯರಾಶಿ M 200 ಕಿಲೋ. ಚಕ್ರದ ತ್ರಿಜ್ಯ R 60 ಸೆಂಟಿಮೀಟರ್, ಉರುಳೆಯ ತ್ರಿಜ್ಯ r 30 ಸೆಂಟಿಮೀಟರ್. ತಿರುಗಿಸಲು ಹೋದರೆ ವಸ್ತು ಒಡ್ಡುವ ಜಡತ್ವವನ್ನು, ಅಂದರೆ ಮೊಮೆಂಟ್ ಆಫ್ ಇನರ್ಶಿಯಾವನ್ನು, ಗಟ್ಟಿ ಸಿಲಿಂಡರಿನಂತೆ ½MR² ಎನ್ನೋಣ. ಕೇಂದ್ರದ ಸುತ್ತ ಅದು 36 ಆಗುತ್ತದೆ. ನೆಲ ಮುಟ್ಟಿದ ಬಿಂದುವಿನ ಸುತ್ತ ಲೆಕ್ಕ ಹಾಕಿದರೆ ಇನ್ನೊಂದು MR², ಅಂದರೆ 72, ಸೇರಿ 108. ಎಳೆಯುವ ಬಲ F 180 ನ್ಯೂಟನ್. ಒಬ್ಬ ಗಟ್ಟಿಮುಟ್ಟಾದ ಆಳು ಎಳೆಯಬಹುದಾದಷ್ಟೇ.

ಸ್ಪರ್ಶಬಿಂದುವನ್ನು ಅಕ್ಷ ಎಂದುಕೊಂಡಾಗ ಸಿಗುವ ಲಾಭವೆಂದರೆ ಘರ್ಷಣೆ ಲೆಕ್ಕದಿಂದಲೇ ಮಾಯವಾಗುತ್ತದೆ. ಅದು ಆ ಬಿಂದುವಿನಲ್ಲೇ ವರ್ತಿಸುವುದರಿಂದ ಅದಕ್ಕೆ ಟಾರ್ಕ್ ಇಲ್ಲ. ತೂಕ ಮತ್ತು ನೆಲದ ಒತ್ತು ಕೂಡ ಆ ಬಿಂದುವಿನ ಮೂಲಕವೇ ಹಾಯುತ್ತವೆ. ಉಳಿಯುವುದು ಕೇಬಲ್ಲಿನ ಎಳೆತ ಒಂದೇ. ಅದು ನೆಲದಿಂದ R − r ಎತ್ತರದಲ್ಲಿ, ಅಂದರೆ 30 ಸೆಂಟಿಮೀಟರ್ ಮೇಲೆ ಇದೆ. ಟಾರ್ಕ್ 180 × 0.3, ಅಂದರೆ 54. ಅದನ್ನು 108ರಿಂದ ಭಾಗಿಸಿದರೆ ಕೋನೀಯ ವೇಗೋತ್ಕರ್ಷ α = 0.5 rad/s². ಕೇಂದ್ರದ ವೇಗೋತ್ಕರ್ಷ a = αR = 0.3 m/s², ನಿಮ್ಮ ಕಡೆಗೆ. ಎಳೆತ ಸ್ಪರ್ಶಬಿಂದುವಿಗಿಂತ ಮೇಲಿರುವ ತನಕ ಡ್ರಮ್ಮು ನಿಮ್ಮತ್ತಲೇ ಉರುಳಬೇಕು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ.

ಇದನ್ನೇ ಕೇಂದ್ರದ ಸುತ್ತ ಹಾಕಿ ತಾಳೆ ನೋಡಬಹುದು. 200 ಕಿಲೋವನ್ನು 0.3 m/s²ನಿಂದ ಮುಂದೊಯ್ಯಲು 60 ನ್ಯೂಟನ್ ಸಾಕು. ಎಳೆದದ್ದು 180. ಉಳಿದ 120 ನ್ಯೂಟನ್ನನ್ನು ಘರ್ಷಣೆ ಹಿಂದಕ್ಕೆ ಹಿಡಿದಿರಬೇಕು. ಆ ಘರ್ಷಣೆ ಕೇಂದ್ರದ ಸುತ್ತ ಡ್ರಮ್ಮನ್ನು ಮುಂದಕ್ಕೆ ಉರುಳಿಸುವಂತೆ 120 × 0.6 = 72 ಟಾರ್ಕ್ ಕೊಡುತ್ತದೆ. ಕೇಬಲ್ ಹಿಂದಕ್ಕೆ ತಿರುಗಿಸುವಂತೆ 180 × 0.3 = 54 ಕೊಡುತ್ತದೆ. ಉಳಿದದ್ದು 18. ಅದನ್ನು 36ರಿಂದ ಭಾಗಿಸಿದರೆ ಅದೇ 0.5. ಕೇಬಲ್ ಬಿಚ್ಚಿಕೊಳ್ಳಬೇಕು ಎಂಬ ನಮ್ಮ ರೂಢಿಯ ಊಹೆ ಪೂರ್ತಿ ಸುಳ್ಳೇನಲ್ಲ ಎಂಬುದೂ ಇಲ್ಲಿ ಕಾಣುತ್ತದೆ. ಕೇಬಲ್ ನಿಜವಾಗಿಯೂ ಆ ಕಡೆಗೇ ತಿರುಗಿಸಲು ನೋಡುತ್ತದೆ, ನೆಲ ಅದನ್ನು ಸೋಲಿಸುತ್ತದೆ. ಸ್ಪರ್ಶಬಿಂದುವಿನ ದಾರಿಯಲ್ಲಿ ಈ ಜಗಳ ಕಣ್ಣಿಗೆ ಬೀಳುವುದೇ ಇಲ್ಲ. ಅದು ಆ ದಾರಿಯ ಅನುಕೂಲವೂ ಹೌದು, ನನ್ನ ಪ್ರಕಾರ ಅಪಾಯವೂ ಹೌದು.

ಕೇಬಲ್ಲನ್ನು ಅಡ್ಡಕ್ಕೆ ಎಳೆಯದೆ ಓರೆಯಾಗಿ ಮೇಲಕ್ಕೆ ಎತ್ತುತ್ತ ಹೋದರೆ ಎಳೆತದ ಗೆರೆ ಒಂದು ಕೋನದಲ್ಲಿ ಸರಿಯಾಗಿ ಸ್ಪರ್ಶಬಿಂದುವಿನ ಮೂಲಕವೇ ಹಾಯುತ್ತದೆ. ಆ ಕೋನಕ್ಕೆ cos θ = r/R. ನಮ್ಮ ಡ್ರಮ್ಮಿಗೆ ಅದು 60 ಡಿಗ್ರಿ. ಆಗ ಉರುಳಿಸುವ ಟಾರ್ಕ್ ಸೊನ್ನೆ, ಡ್ರಮ್ಮು ಯಾವ ಕಡೆಗೂ ಉರುಳುವುದಿಲ್ಲ. ಇನ್ನೂ ಜೋರಾಗಿ ಎಳೆದರೆ ಉರುಳದೆ ಹಾಗೇ ಜಾರಿಕೊಂಡು ಬರುತ್ತದೆ. 60 ಡಿಗ್ರಿ ದಾಟಿದರೆ ಹಿಂದಕ್ಕೆ ಉರುಳುತ್ತದೆ. ದಾರದ ರೀಲಿನಲ್ಲಿ ಇದನ್ನು ನೋಡುವುದು ಒಂದು ಮೋಜು. ದಾರವನ್ನು ನಿಧಾನಕ್ಕೆ ಮೇಲೆತ್ತುತ್ತಿದ್ದಂತೆ ಹತ್ತಿರ ಬರುತ್ತಿದ್ದ ರೀಲು ಅನುಮಾನಿಸಿ ನಿಂತು, ಮತ್ತೆ ದೂರ ಹೋಗುತ್ತದೆ.

ಇಷ್ಟೆಲ್ಲ ಸರಿಹೋದ ಮೇಲೆ ಆ ಹುಡುಗಿಯ ತಕರಾರಿನಲ್ಲಿ ಏನು ಉಳಿಯಿತು? ಬಹಳ ಉಳಿಯಿತು. "ಆ ಬಿಂದು ನಿಂತಿರುತ್ತದೆ, ಅದಕ್ಕೇ" ಎಂಬ ಕಾರಣ ಕಾರಣವೇ ಅಲ್ಲ. ಮೇಲಕ್ಕೆಸೆದ ಕಲ್ಲು ತುತ್ತತುದಿಯಲ್ಲಿ ಒಂದು ಕ್ಷಣ ನಿಂತಿರುತ್ತದೆ, ಹಾಗೆಂದು ಅದರ ವೇಗೋತ್ಕರ್ಷ ಸೊನ್ನೆಯೇ? ಇನ್ನೂ ನೇರವಾಗಿ ಹೇಳುವುದಾದರೆ, ನಿಂತ ಡ್ರಮ್ಮನ್ನು ಎಳೆಯಲು ತೊಡಗಿದ ಆ ಮೊದಲ ಕ್ಷಣದಲ್ಲಿ ಅದರ ಪ್ರತಿಯೊಂದು ಬಿಂದುವೂ ನಿಂತೇ ಇರುತ್ತದೆ. ಚಕ್ರದ ನೆತ್ತಿಯೂ ನಿಂತಿದೆ. ಹಾಗಾದರೆ ನೆತ್ತಿಯನ್ನೂ ಅಕ್ಷ ಮಾಡಿಕೊಳ್ಳಬಹುದೇ? ಮಾಡಿಕೊಂಡು ನೋಡಿ. ಆ ಅಕ್ಷದ ಸುತ್ತ ಈಗ ಘರ್ಷಣೆಗೂ ಟಾರ್ಕ್ ಇದೆ. ಅದನ್ನು ಸೇರಿಸಿ 108ರಿಂದ ಭಾಗಿಸಿದರೆ ಬರುವುದು 0.5 ಅಲ್ಲ, ತಪ್ಪು ಉತ್ತರ.

ಟಾರ್ಕ್ ಸಮ = ಜಡತ್ವ ಗುಣಿಸು ಕೋನೀಯ ವೇಗೋತ್ಕರ್ಷ ಎಂಬ ಸಮೀಕರಣ ಸಲೀಸಾಗಿ ನಡೆಯುವುದು ಎರಡು ಕಡೆ. ಕದಲದೆ ನಿಂತ ಅಕ್ಷದ ಸುತ್ತ, ಮತ್ತು ಹೇಗೆ ಚಲಿಸುತ್ತಿದ್ದರೂ ದ್ರವ್ಯರಾಶಿ ಕೇಂದ್ರದ ಸುತ್ತ. ವಸ್ತುವಿನ ಬೇರೊಂದು ಬಿಂದು Pಯನ್ನು ಆರಿಸಿಕೊಂಡರೆ, ಆ ಬಿಂದುವಿನ ವೇಗೋತ್ಕರ್ಷಕ್ಕಾಗಿ ಒಂದು ಪದವನ್ನು ಹೆಚ್ಚಿಗೆ ತೆರಬೇಕು. ಒಟ್ಟು ದ್ರವ್ಯರಾಶಿಯನ್ನು ಆ ವೇಗೋತ್ಕರ್ಷದಿಂದ ಗುಣಿಸಿ, ಅದು ದ್ರವ್ಯರಾಶಿ ಕೇಂದ್ರದಲ್ಲಿ ವರ್ತಿಸುವ ಬಲವೋ ಎಂಬಂತೆ ಭಾವಿಸಿ, Pಯ ಸುತ್ತ ಅದರ ಟಾರ್ಕ್ ಎಷ್ಟೆಂದು ನೋಡಿದರೆ ಅದೇ ಆ ಹೆಚ್ಚಿನ ಪದ. ಇದು ಸೊನ್ನೆಯಾದರೆ Pಯನ್ನು ಅಕ್ಷ ಎಂದುಕೊಳ್ಳಬಹುದು, ಇಲ್ಲವಾದರೆ ಇಲ್ಲ. ಸೊನ್ನೆಯಾಗಲು P ನಿಂತಿರಬೇಕಿಲ್ಲ, ವೇಗೋತ್ಕರ್ಷ ಇಲ್ಲದಿರಬೇಕೆಂದೂ ಇಲ್ಲ. ವೇಗೋತ್ಕರ್ಷದ ದಿಕ್ಕು ದ್ರವ್ಯರಾಶಿ ಕೇಂದ್ರದ ಮೂಲಕ ಹಾಯ್ದರೆ ಸಾಕು.

ಜಾರದೆ ಉರುಳುವ ಚಕ್ರದ ತಳದ ಬಿಂದುವಿಗೆ ಇದು ಹೇಗೋ ಒದಗಿಬರುತ್ತದೆ. ಚಕ್ರದ ಅಂಚಿನಲ್ಲಿ ಸೀಮೆಸುಣ್ಣದ ಒಂದು ಚುಕ್ಕೆ ಇಟ್ಟು ಉರುಳಿಸಿದರೆ ಆ ಚುಕ್ಕೆಯ ಹಾದಿ ಸಾಲು ಸಾಲು ಕಮಾನುಗಳಂತೆ ಕಾಣುತ್ತದೆ. ಕಮಾನಿನ ಬುಡದಲ್ಲಿ ಚುಕ್ಕೆ ನೆಟ್ಟಗೆ ಕೆಳಗಿಳಿದು ನೆಲ ಮುಟ್ಟಿ, ನೆಟ್ಟಗೆ ಮೇಲೇಳುತ್ತದೆ. ಅತ್ತಿತ್ತ ಸರಿಯುವುದಿಲ್ಲ. ಅಂದರೆ ನೆಲ ಮುಟ್ಟಿದ ಕ್ಷಣದಲ್ಲಿ ಅದರ ವೇಗೋತ್ಕರ್ಷ ನೆಟ್ಟಗೆ ಮೇಲಕ್ಕಿದೆ, ಚಕ್ರದ ನಡುವಿನತ್ತ, v²/R ನಷ್ಟು. ಡ್ರಮ್ಮು ಸೆಕೆಂಡಿಗೆ 60 ಸೆಂಟಿಮೀಟರ್ ವೇಗದಲ್ಲಿ ಬರುತ್ತಿದ್ದರೆ ಅದು 0.6 m/s². ಡ್ರಮ್ಮಿನ ವೇಗೋತ್ಕರ್ಷದ ಎರಡರಷ್ಟು! ಸಣ್ಣದೇನಲ್ಲ. ಆದರೆ ಅದು ಕೇಂದ್ರದ ಮೂಲಕ ಹಾಯುವುದರಿಂದ ಟಾರ್ಕ್ ಕೊಡುವುದಿಲ್ಲ. ಹುಡುಗಿ ಹೇಳಿದಂತೆ ಬಿಂದು ಮುಂದಿನ ಕ್ಷಣಕ್ಕೆ ಮೇಲೆ ಹೋಗುವುದು ನಿಜ. ಅದು ಹೋಗುವ ದಿಕ್ಕು ಮಾತ್ರ ನಮಗೆ ಅಡ್ಡಿ ಮಾಡುವುದಿಲ್ಲ.

ಹೀಗೆ ನೋಡಿದರೆ ಷರತ್ತುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಅವು ತಾವಾಗಿಯೇ ಹೊರಬರುತ್ತವೆ. ಚಕ್ರ ಜಾರಬಾರದು, ಜಾರಿದರೆ ತಳದ ಬಿಂದುವಿಗೆ ಅಡ್ಡ ವೇಗೋತ್ಕರ್ಷ ಬರುತ್ತದೆ. ದ್ರವ್ಯರಾಶಿ ಕೇಂದ್ರ ಚಕ್ರದ ಸರಿಮಧ್ಯದಲ್ಲಿರಬೇಕು. ನೆಲಕ್ಕೇ ವೇಗೋತ್ಕರ್ಷ ಇರಬಾರದು.

ಮೊದಲನೆಯದು ಮುರಿದಾಗ ಏನಾಗುತ್ತದೆಂದು ಅದೇ ಡ್ರಮ್ಮಿನಲ್ಲಿ ನೋಡೋಣ. ಮಳೆ ಬಂದು ನಿಂತಿದೆ, ರಸ್ತೆ ಅಗೆದ ಕೆಂಪು ಮಣ್ಣು ಕೆಸರಾಗಿ ಹರಡಿದೆ. ಘರ್ಷಣೆಯ ಗುಣಾಂಕ 0.2ಕ್ಕೆ ಇಳಿದಿದೆ ಎನ್ನೋಣ. 200 ಕಿಲೋ ಡ್ರಮ್ಮಿಗೆ ನೆಲ ಕೊಡಬಲ್ಲ ಘರ್ಷಣೆ ಹೆಚ್ಚೆಂದರೆ 400 ನ್ಯೂಟನ್. ಕೇಬಲ್ಲನ್ನು ಟೆಂಪೊಗೆ ಕಟ್ಟಿ 900 ನ್ಯೂಟನ್ ಬಲದಿಂದ ಎಳೆಯುತ್ತಾರೆ. ಸ್ಪರ್ಶಬಿಂದುವಿನ ಲೆಕ್ಕ ಏನೂ ಅನುಮಾನಪಡದೆ ಹೇಳುತ್ತದೆ: ಟಾರ್ಕ್ 270, α = 2.5, a = 1.5, ಡ್ರಮ್ಮು ಚೆಂದವಾಗಿ ಮುಂದಕ್ಕೆ ಉರುಳುತ್ತದೆ.

ನಿಜದಲ್ಲಿ? 900ರಲ್ಲಿ 400 ಕಳೆದರೆ 500, ಕೇಂದ್ರದ ವೇಗೋತ್ಕರ್ಷ 2.5 m/s². ಕೇಂದ್ರದ ಸುತ್ತ ಘರ್ಷಣೆ ಮುಂದಕ್ಕೆ ಕೊಡುವ ಟಾರ್ಕ್ 240, ಕೇಬಲ್ ಹಿಂದಕ್ಕೆ ಕೊಡುವುದು 270. ಈ ಸಲ ಗೆದ್ದದ್ದು ಕೇಬಲ್. ಡ್ರಮ್ಮು ಕೆಸರಿನಲ್ಲಿ ಮುಂದಕ್ಕೆ ಜಾರುತ್ತ, ಹಿಂದಕ್ಕೆ ತಿರುಗುತ್ತ, ಕೇಬಲ್ ಬಿಚ್ಚುತ್ತ ಬರುತ್ತದೆ. ಅಂಕಿ ಹೆಚ್ಚುಕಡಿಮೆಯಾಗಿದ್ದರೆ ಹೋಗಲಿ ಎನ್ನಬಹುದಿತ್ತು, ಇಲ್ಲಿ ತಿರುಗುವ ದಿಕ್ಕೇ ತಲೆಕೆಳಗಾಗಿದೆ. ಬಿಟ್ಟುಹೋದ ಪದವನ್ನು ಸೇರಿಸಿದರೆ ಲೆಕ್ಕ ಮತ್ತೆ ಕೂಡುತ್ತದೆ. α ಈಗ −0.83, ಅದನ್ನು 108ರಿಂದ ಗುಣಿಸಿದರೆ −90. ತಳದ ಬಿಂದುವಿನ ಅಡ್ಡ ವೇಗೋತ್ಕರ್ಷ 2.5 + 0.5 = 3 m/s², ಅದರ ಪಾಲು 200 × 3 × 0.6 = 360. ಎರಡೂ ಸೇರಿ 270. ಈ ಡ್ರಮ್ಮು ನಿಂತಲ್ಲಿಂದಲೇ ಹೊರಟದ್ದು ಎಂಬುದನ್ನು ಗಮನಿಸಿ. ಮೊದಲ ಕ್ಷಣದಲ್ಲಿ ತಳದ ಬಿಂದು ನಿಂತೇ ಇತ್ತು. ಆದರೂ ಅದನ್ನು ಅಕ್ಷ ಎಂದುಕೊಂಡ ಲೆಕ್ಕ ಕೆಟ್ಟಿತು.

ಲೆಕ್ಕ ಮಾಡುವಾಗ ಇದು ಗೊತ್ತಾಗುವುದು ಹೇಗೆ? ಸ್ಪರ್ಶಬಿಂದುವಿನ ದಾರಿಯಲ್ಲಿ a ಕಂಡುಹಿಡಿದ ಮೇಲೆ ಅಲ್ಲಿಗೇ ಪೆನ್ನು ಕೆಳಗಿಡಬಾರದು. F − Ma ಎಷ್ಟೆಂದು ನೋಡಬೇಕು. ಜಾರದಿರಲು ಬೇಕಾದ ಘರ್ಷಣೆ ಅದು. ಮೊದಲ ಸಲ 120 ಬಂತು, ಡಾಂಬರಿನ ಮೇಲೆ ಅದು ಯಾವ ಲೆಕ್ಕಕ್ಕೂ ಇಲ್ಲ. ಎರಡನೆಯ ಸಲ 900 − 300, ಅಂದರೆ 600. ನೆಲದ ಹತ್ತಿರ ಇರುವುದು 400. ಅಲ್ಲಿಗೆ ಆ ಉತ್ತರವನ್ನು ಹೊಡೆದುಹಾಕಿ ಕೇಂದ್ರಕ್ಕೆ ಹಿಂತಿರುಗಬೇಕು. ಅಂದಹಾಗೆ, ನಮ್ಮ ಡ್ರಮ್ಮಿನಲ್ಲಿ ಕೇಬಲ್ ಉರುಳೆಯ ಮೇಲಿನಿಂದ ಬಂದಿದ್ದರೆ ಏನಾಗುತ್ತಿತ್ತೆಂದು ಮಾಡಿ ನೋಡಿ. 180 ನ್ಯೂಟನ್ನಿಗೆ a ಸರಿಯಾಗಿ 0.9 ಬರುತ್ತದೆ, ಬೇಕಾದ ಘರ್ಷಣೆ ಸೊನ್ನೆ. ಮಂಜುಗಡ್ಡೆಯ ಮೇಲೂ ಅದು ಜಾರದೆ ಉರುಳುತ್ತಿತ್ತು.

ಎರಡನೆಯ ಷರತ್ತನ್ನು ಹೆಚ್ಚು ಬೆಳೆಸುವುದಿಲ್ಲ. ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಡ್ರಮ್ಮಿನ ಕೆಳಗಿನ ಹಲಗೆಗಳು ನೀರು ಕುಡಿದು ಭಾರವಾಗಿರುತ್ತವೆ ಎಂದುಕೊಳ್ಳಿ. ದ್ರವ್ಯರಾಶಿ ಕೇಂದ್ರ ಚಕ್ರದ ನಡುವಿನಿಂದ ಸರಿದಿದೆ. ತಳದ ಬಿಂದುವಿನ ವೇಗೋತ್ಕರ್ಷ ಈಗಲೂ ಚಕ್ರದ ನಡುವಿನತ್ತಲೇ ಇದೆ, ಆದರೆ ಅದು ದ್ರವ್ಯರಾಶಿ ಕೇಂದ್ರದ ಮೂಲಕ ಹಾಯುವುದಿಲ್ಲ. ಕುತೂಹಲದ ಸಂಗತಿಯೆಂದರೆ, ಹೊರಟ ಕ್ಷಣದಲ್ಲಿ ವೇಗ ಸೊನ್ನೆ, ಹಾಗಾಗಿ v²/R ಕೂಡ ಸೊನ್ನೆ. ಆ ಒಂದು ಕ್ಷಣಕ್ಕೆ ಸ್ಪರ್ಶಬಿಂದುವಿನ ಲೆಕ್ಕ ಸರಿಯಾಗಿಯೇ ಇರುತ್ತದೆ, ಓರೆಯಾದ ತೂಕದ ಟಾರ್ಕನ್ನೂ ಸೇರಿಸಿಕೊಂಡರೆ. ವೇಗ ಏರಿದಂತೆ ಕೆಡುತ್ತ ಹೋಗುತ್ತದೆ.

ಮೂರನೆಯ ಷರತ್ತನ್ನು ನಾನು ಹುಡುಗಿಗೆ ಹೇಳಲಿಲ್ಲ, ಒಂದು ಪ್ರಶ್ನೆಯಾಗಿ ಕೊಟ್ಟೆ. ಅವಳು ದಿನಾ ಕೆಂಗೇರಿಯಿಂದ ಬಿಎಂಟಿಸಿ ಬಸ್ಸಿನಲ್ಲಿ ಬರುತ್ತಾಳೆ. ಮೈಸೂರು ರಸ್ತೆಯಲ್ಲಿ ಡ್ರೈವರು ಬ್ರೇಕು ಒತ್ತಿದಾಗಲೆಲ್ಲ ಯಾರದೋ ನೀರಿನ ಬಾಟಲಿ ಸೀಟಿನಡಿಯಿಂದ ಉರುಳಿ ಮುಂದಕ್ಕೆ ಹೋಗುತ್ತದೆ. ರಸ್ತೆ ಬದಿಯಲ್ಲಿ ನಿಂತವರ ಕಣ್ಣಿನಿಂದ ನೋಡು ಎಂದೆ. ಬಾಟಲಿಯ ಮೇಲಿರುವ ಬಲಗಳು ಮೂರು: ತೂಕ, ಬಸ್ಸಿನ ನೆಲದ ಒತ್ತು, ಘರ್ಷಣೆ. ಮೂರೂ ಸ್ಪರ್ಶಬಿಂದುವಿನ ಮೂಲಕ ಹಾಯುತ್ತವೆ. ಆ ಬಿಂದುವಿನ ಸುತ್ತ ಟಾರ್ಕ್ ಸೊನ್ನೆ. ಹಾಗಿದ್ದರೆ ಬಾಟಲಿ ಉರುಳಲೇಬಾರದು. ಯಾಕೆ ಉರುಳುತ್ತದೆ?

ಎರಡು ದಿನ ಬಿಟ್ಟು ಬಂದಳು. ಬ್ಯಾಗು ಕೆಳಗಿಡುವ ಮೊದಲೇ ಹೇಳಿದಳು. "ಬ್ರೇಕ್ ಬಿದ್ದಿದ್ದು ನೆಲಕ್ಕೆ ಅಕ್ಕ. ತಾಗಿರೋ ಬಿಂದು ನೆಲದ ಜೊತೆ ಹಿಂದಕ್ಕೆ ಎಳೆಸ್ಕೊಳ್ತಿದೆ, ಅದರ ವೇಗೋತ್ಕರ್ಷ ಅಡ್ಡಕ್ಕಿದೆ, ಮೇಲಕ್ಕಲ್ಲ." ಬೋರ್ಡಿನ ಮೇಲೆ ಬಾಟಲಿ ಬರೆದಳು. ಬಸ್ಸಿನೊಳಗೆ ಕೂತವರ ಕಣ್ಣಿನಿಂದಾದರೆ ಬಾಟಲಿಯ ಕೇಂದ್ರದಲ್ಲಿ ಮುಂದಕ್ಕೆ ತಳ್ಳುವ ಒಂದು ಹುಸಿಬಲ ಸೇರಿಸಿಕೊಳ್ಳಬೇಕು, ಆಗ ಸ್ಪರ್ಶಬಿಂದುವನ್ನು ಮತ್ತೆ ಅಕ್ಷ ಮಾಡಿಕೊಳ್ಳಬಹುದು ಎಂದು ಪಕ್ಕದಲ್ಲಿ ಇನ್ನೊಂದು ಚಿತ್ರ ಬರೆದಳು. ಎರಡರಲ್ಲೂ ಒಂದೇ ಉತ್ತರ ಬಂತು. ಆಮೇಲೆ ಸೀಮೆಸುಣ್ಣ ಹಿಡಿದುಕೊಂಡೇ ಸ್ವಲ್ಪ ಹೊತ್ತು ಬೋರ್ಡು ನೋಡಿದಳು.

"ಆದ್ರೆ ಅಕ್ಕ, ಬಾಟಲಿ ಒಳಗಿನ ನೀರು ಬಾಟಲಿ ಜೊತೆ ತಿರುಗತ್ತಾ?"